ಡಬ್ಬಿಯ ಅಂಚಿನ ಮರಳು

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಓಡಾಡುವವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ಇರುತ್ತದೆ. ಕಿಟಕಿ ಪಕ್ಕ ಕೂತವರು ಫೋನಿನಲ್ಲಿ ಹೇಳುತ್ತಿರುತ್ತಾರೆ: “ಬಾತಿ ದಾಟ್ತು ನೋಡಪ್ಪ. ಒಂದ್ ಲಾರಿ ಅಡ್ಡ ನಿಂತಿತ್ತು, ಅದಕ್ಕೇ ಲೇಟಾತು. ನೀನು ಗಾಡಿ ತಗೊಂಡು ಬಂದ್ಬಿಡು.” ದನಿಯಲ್ಲಿ ಅಳುಕಿಲ್ಲ, ತಡವರಿಕೆಯಿಲ್ಲ. ಲಾರಿಯ ಮೇಲೆ ಸಿಟ್ಟು ಬಂದದ್ದೂ ನಿಜವೇ ಅನ್ನಿಸುತ್ತದೆ. ಬಸ್ಸಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಹರಿಹರದಲ್ಲಿ ಗಾಡಿಯ ಕೀಲಿ ಹುಡುಕುತ್ತಿರುವ ಆ ಒಬ್ಬರಿಗೆ ಮಾತ್ರ.

ಕಥೆಯಲ್ಲಿ ಪಾತ್ರವೊಂದು ನಯವಾಗಿ ಸುಳ್ಳು ಹೇಳಬೇಕು, ಓದುಗರಿಗೆ ಅದು ಒಳಗೊಳಗೇ ತಿಳಿಯಬೇಕು ಎಂದರೆ ಓದುಗರನ್ನು ಆ ಬಸ್ಸಿನ ಸೀಟಿನಲ್ಲಿ ಕೂರಿಸಬೇಕು. ವಿದ್ಯಾರ್ಥಿಗಳ ಕಥೆಗಳನ್ನು ಓದುವಾಗ ನಾನು ಹೆಚ್ಚಾಗಿ ಕಾಣುವುದು ಇದರ ತದ್ವಿರುದ್ಧ. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ, ಉಗುಳು ನುಂಗುತ್ತಾನೆ, ಹಣೆಯ ಬೆವರು ಒರೆಸಿಕೊಳ್ಳುತ್ತಾನೆ. ಹಾಗೆ ಬರೆದರೆ ಎರಡು ತೊಂದರೆ. ಒಂದು, ಅವನು ನಯವಾಗಿ ಸುಳ್ಳು ಹೇಳುತ್ತಿಲ್ಲ, ಸಿಕ್ಕಿಬೀಳುತ್ತಿದ್ದಾನೆ. ಇನ್ನೊಂದು, ಎದುರಿಗಿರುವ ಹೆಂಡತಿಗೋ ಅಪ್ಪನಿಗೋ ಆ ಬೆವರು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಸುಳ್ಳಿನ ಗುರುತನ್ನು ಸುಳ್ಳುಗಾರನ ಮೈಮೇಲೆ ಇಡಬಾರದು. ಅದು ಬೇರೆಲ್ಲೋ ಇರಬೇಕು, ನಿಂತೇ ಇರುವ ಬಸ್ಸಿನ ಹಾಗೆ, ಮತ್ತು ಮಾತು ಶುರುವಾಗುವ ಮೊದಲೇ ಓದುಗರಿಗೆ ಸಿಕ್ಕಿರಬೇಕು.

ಕಾವ್ಯಮೀಮಾಂಸೆಯ ತರಗತಿಯಲ್ಲಿ ಧ್ವನಿಯ ಪಾಠ ಕೇಳಿದವರಿಗೆಲ್ಲ ಗೊತ್ತಿರುವ ಎರಡು ಪ್ರಾಕೃತ ಪದ್ಯಗಳಿವೆ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದ ಆರಂಭದಲ್ಲೇ ಇವನ್ನು ಉದಾಹರಣೆಯಾಗಿ ಕೊಡುತ್ತಾನೆ. ವಾಚ್ಯ, ವ್ಯಂಗ್ಯ ಎಂದು ಪರೀಕ್ಷೆಗೆ ಬರೆದು ಮುಗಿಸುತ್ತೇವೆ. ಆದರೆ ಎರಡೂ ಪದ್ಯಗಳಲ್ಲಿ ಮಾತಾಡುತ್ತಿರುವ ಹೆಂಗಸರು ಅಚ್ಚುಕಟ್ಟಾಗಿ ಸುಳ್ಳು ಹೇಳುತ್ತಿದ್ದಾರೆ ಎಂಬುದನ್ನು ಕಥೆ ಬರೆಯುವವರ ಕಣ್ಣಿನಿಂದ ನೋಡಿದವರು ಕಡಿಮೆ.

ಮೊದಲನೆಯದರಲ್ಲಿ ಒಬ್ಬ ಧಾರ್ಮಿಕ ಗೋದಾವರಿ ತೀರದ ಕಡೆಗೆ ದಿನವೂ ಅಡ್ಡಾಡುತ್ತಾನೆ. ಅಲ್ಲಿನ ಪೊದೆ ಒಬ್ಬಳು ತನ್ನ ಪ್ರಿಯನನ್ನು ಸೇರುವ ಜಾಗ. ಅವನಿಗೆ ನಾಯಿಯೆಂದರೆ ಭಯ. ಆಕೆ ಅವನಿಗೆ ಹೇಳುತ್ತಾಳೆ: ಇನ್ನು ನಿಶ್ಚಿಂತೆಯಿಂದ ಓಡಾಡಿ, ಆ ನಾಯಿಯನ್ನು ಪೊದೆಯಲ್ಲಿರುವ ಸಿಂಹ ಕೊಂದುಹಾಕಿದೆ. ಬಾಯಲ್ಲಿ ‘ಓಡಾಡಿ’ ಎಂದಿದೆ, ಹೇಳಿದ್ದು ‘ಆ ಕಡೆ ಸುಳಿಯಬೇಡಿ’ ಎಂದು. ಸುಳ್ಳು ಎಲ್ಲಿ ಕೂತಿದೆ ನೋಡಿ. ವಾಕ್ಯದ ಮುಖ್ಯ ಸುದ್ದಿ ನಾಯಿ ಸತ್ತದ್ದು, ಅದು ಒಳ್ಳೆಯ ಸುದ್ದಿ. ಸಿಂಹ ಬರುವುದು ದಾರಿಯಲ್ಲಿ, ಸುಮ್ಮನೆ ಕಾರಣ ಹೇಳುವ ನೆಪದಲ್ಲಿ. ಬಸ್ಸಿನವರ ಲಾರಿಯೂ ಹೀಗೇ ಬಂದದ್ದು.

ಎರಡನೆಯದು ಇನ್ನೂ ಚೆನ್ನ. ಪ್ರಿಯನ ಜೊತೆಗಿದ್ದು ಬಂದ ಹೆಂಡತಿಯ ತುಟಿಯಲ್ಲಿ ಗಾಯ. ಗಂಡ ಹತ್ತಿರದಲ್ಲೇ ಇದ್ದಾನೆ. ಅವಳ ಗೆಳತಿ, ಗಂಡನನ್ನು ನೋಡಿಯೇ ಇಲ್ಲವೆಂಬಂತೆ, ಅವಳನ್ನು ಬೈಯುತ್ತಾಳೆ: ತುಟಿ ಹೀಗಾದರೆ ಯಾವ ಗಂಡನಿಗೆ ಸಿಟ್ಟು ಬರುವುದಿಲ್ಲ, ದುಂಬಿಯಿರುವ ತಾವರೆ ಮೂಸಬೇಡ ಎಂದರೆ ಕೇಳಲಿಲ್ಲ, ಈಗ ಅನುಭವಿಸು. ಗಂಡನಿಗೆ ಯಾರೂ ಏನೂ ಹೇಳಲಿಲ್ಲ. ಅವನಾಗಿಯೇ ಕೇಳಿಸಿಕೊಂಡ, ಅದಕ್ಕೇ ನಂಬುತ್ತಾನೆ. ಸುಳ್ಳನ್ನು ಸಮಜಾಯಿಷಿಯ ರೂಪದಲ್ಲಿ ಕೊಟ್ಟರೆ ಕೇಳುವವರು ತೂಗಿ ನೋಡುತ್ತಾರೆ. ಬೈಗುಳದ ರೂಪದಲ್ಲಿ ಕೊಟ್ಟರೆ ತೂಗುವ ಯೋಚನೆಯೇ ಬರುವುದಿಲ್ಲ. ನಯವಾದ ಸುಳ್ಳಿಗೆ ಗೊಣಗಾಟದಷ್ಟು ಒಳ್ಳೆಯ ಹೊದಿಕೆ ಬೇರೆ ಇಲ್ಲ.

ಇಷ್ಟನ್ನು ಇಟ್ಟುಕೊಂಡು ನಾನು ಬರೆಯುತ್ತಿರುವ ಒಂದು ದೃಶ್ಯಕ್ಕೆ ಬರುತ್ತೇನೆ. ನನ್ನ ತಾಯಿಯ ತಂದೆ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಮನೆ ದಾವಣಗೆರೆಯಲ್ಲಿ, ದಿನಾ ಹೋಗಿ ಬರುವುದು. ಕೆಲಸ ಹೋದ ಮೇಲೂ ಕೆಲವು ದಿನ ಅವರು ಡಬ್ಬಿ ಹಿಡಿದು ಅದೇ ಹೊತ್ತಿಗೆ ಹೊರಟು ಅದೇ ಹೊತ್ತಿಗೆ ವಾಪಸ್ ಬರುತ್ತಿದ್ದರಂತೆ. ಅಜ್ಜಿ ಇದನ್ನು ನನಗೆ ಒಂದೇ ಸಲ, ಹುಣಸೆಹಣ್ಣು ಬಿಡಿಸುತ್ತಾ ಹೇಳಿದ್ದು. “ನನಗೆ ಗೊತ್ತಿತ್ತು. ಕೇಳ್ಲಿಲ್ಲ,” ಅಂದಳು. ಹೇಗೆ ಗೊತ್ತಾಯಿತು ಎಂದು ಹೇಳಲಿಲ್ಲ. ಈಗ ಇಬ್ಬರೂ ಇಲ್ಲ. ಆ ‘ಹೇಗೆ’ಯನ್ನು ಕಥೆಯೇ ಕಂಡುಕೊಳ್ಳಬೇಕು.

ನಾನು ಡಬ್ಬಿಯಿಂದ ಶುರುಮಾಡಿದೆ. ಲೇತ್ ಮೇಲೆ ಕೆಲಸ ಮಾಡುವವರ ಕೈಗೆ ಎಣ್ಣೆ, ಕಬ್ಬಿಣದ ಪುಡಿ ಸೇರಿ ಒಂದು ಕಪ್ಪು ಹತ್ತಿರುತ್ತದೆ. ಸೋಪು ಹಾಕಿ ತೊಳೆದರೂ ಬೆರಳ ಗೆರೆಗಳಲ್ಲಿ ಉಳಿಯುತ್ತದೆ. ಆ ಬೆರಳು ಡಬ್ಬಿಯ ಮುಚ್ಚಳದ ಅಂಚಿಗೆ ದಿನವೂ ತಾಗಿ ಅಲ್ಲೂ ಒಂದು ಕಪ್ಪು ಗೆರೆ. ಕಥೆಯ ಹೆಂಡತಿ ಅದನ್ನು ದಿನವೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾಳೆ. ದೃಶ್ಯದ ಮೊದಲ ಸಾಲುಗಳಲ್ಲಿ ಅವಳು ಡಬ್ಬಿ ತೊಳೆಯುತ್ತಿದ್ದಾಳೆ, ಈಚೆಗೆ ಹುಣಸೆಹಣ್ಣು ಬೇಕಾಗಿಲ್ಲ ಎಂದಷ್ಟೇ ಬರೆದೆ. ಅವಳಿಗೆ ಅನುಮಾನ ಬಂತು ಎಂದು ಬರೆಯಲಿಲ್ಲ. ನಿಂತ ಬಸ್ಸು ಅದು.

ಆಮೇಲೆ ಅವನು ಬರುತ್ತಾನೆ, ತಡವಾಗಿ.

“ಯಾಕ್ರೀ, ಇವತ್ತು ಇಷ್ಟೊತ್ತು?”

“ಆ ಎರಡನೇ ಶಿಫ್ಟಿನ ಹುಡುಗ ಐತಲ್ಲ, ಅದಕ್ಕೆ ಟೂಲ್ ಕಟ್ಟೋಕೂ ಬರಲ್ಲ. ಮುರಕೊಂಡು ಕುಂತಿತ್ತು. ಎಂಥೆಂಥವ್ರನ್ನ ತಗಂತಾರೋ. ನಾನೇ ಕಟ್ಟಿಕೊಟ್ಟು ಬಂದೆ. ನೀರು ಕಾದಾವೇನು?”

ಇಲ್ಲಿ ಅವನು ಒಂದೇ ಒಂದು ಸಲವೂ ‘ಕಾರ್ಖಾನೆಗೆ ಹೋಗಿದ್ದೆ’ ಎನ್ನುವುದಿಲ್ಲ. ಅದು ಗೋದಾವರಿಯ ಸಿಂಹದಂತೆ ಮಾತಿನ ಅಡಿಯಲ್ಲಿ ಕೂತಿದೆ. ಮೇಲೆ ಇರುವುದು ಹುಡುಗನ ಮೇಲಿನ ಬೈಗುಳ. ‘ಟೂಲ್ ಕಟ್ಟುವುದು’ ಎಂಬ ಕಸುಬಿನ ಮಾತು ಸಲೀಸಾಗಿ ಬರುತ್ತದೆ, ಏಕೆಂದರೆ ಹಿಂದೆ ಎಂದೋ ಅದು ನಿಜವಾಗಿ ನಡೆದಿದೆ. ಒಳ್ಳೆಯ ಸುಳ್ಳುಗಾರರು ಹೊಸದನ್ನು ಕಟ್ಟುವುದಿಲ್ಲ, ಹಳೆಯ ನಿಜವನ್ನು ಇವತ್ತಿನ ತಾರೀಖಿಗೆ ತರುತ್ತಾರೆ. ಕೊನೆಗೆ ಬರುವ ನೀರಿನ ಪ್ರಶ್ನೆಯಿಂದ ಮಾತು ಮುಂದಕ್ಕೆ ಹೋಗುತ್ತದೆ, ಇನ್ನೊಂದು ಪ್ರಶ್ನೆಗೆ ಜಾಗವಿರುವುದಿಲ್ಲ. ಈ ಮಾತುಗಳ ಸುತ್ತ ‘ಎಂದ’ ಅನ್ನುವುದನ್ನೂ ನಾನು ಬಿಟ್ಟೆ. ‘ಸಹಜವಾಗಿ ಎಂದ’ ಎಂದು ಬರೆದರಂತೂ ಅಸಹಜ ಎಂದು ಬೆರಳು ತೋರಿಸಿದ ಹಾಗೆ.

ಅವನು ಬಚ್ಚಲಿಗೆ ಹೋದಾಗ ಅವಳು ಅವತ್ತಿನ ಡಬ್ಬಿ ತೆಗೆಯುತ್ತಾಳೆ. ಅದು ತೊಳೆದೇ ಬಂದಿದೆ. ಅಂಚಿನ ಮಡಿಕೆಯಲ್ಲಿ ಬೆರಳಿಗೆ ಏನೋ ತರಿತರಿ ಸಿಗುತ್ತದೆ: ಮರಳು. ಹರಿಹರದಲ್ಲಿ ತುಂಗಭದ್ರೆ ಇದೆ, ದಾವಣಗೆರೆಯ ಅವರ ಓಣಿಯ ಹತ್ತಿರ ಹೊಳೆಯಿಲ್ಲ.

ಇಲ್ಲಿ ನಾನು ಬಹಳ ದಿನ ನಿಂತೆ. ಮರಳು ಸಾಕ್ಷಿಯಾಗಿಬಿಟ್ಟರೆ ಇದು ಪತ್ತೇದಾರಿ ಕಥೆಯಾಗುತ್ತದೆ. ಈ ಪ್ರಶ್ನೆಗೂ ಹಳಬರಲ್ಲಿ ಒಂದು ಜಗಳ ಇದೆ. ಧ್ವನಿ ಎಂಬುದು ಬೇರೆಯೇನೂ ಅಲ್ಲ, ಅದು ಅನುಮಾನವೇ, ಅಂದರೆ ಹೊಗೆ ಕಂಡು ಬೆಂಕಿ ಇದೆ ಎಂದು ತರ್ಕಿಸುವ ಹಾಗೆ ಎಂದು ಮಹಿಮಭಟ್ಟ ವಾದಿಸಿದ. ಸಿಂಹದ ಪದ್ಯವನ್ನೇ ಎತ್ತಿಕೊಂಡು ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಅದನ್ನು ಅಲ್ಲಗಳೆದ. ಸಿಂಹ ಇದೆ ಎಂಬುದಕ್ಕೆ ಅವಳ ಮಾತು ಬಿಟ್ಟರೆ ಆಧಾರವೇನು? ಭಯವಿದ್ದವನೂ ಗುರುವಿನ ಆಜ್ಞೆಗೋ ಪ್ರೇಮಕ್ಕೋ ಅಲ್ಲಿಗೆ ಹೋಗಬಹುದಲ್ಲ? ಹೇತುವೇ ಗಟ್ಟಿಯಿಲ್ಲದಾಗ ಅದು ಅನುಮಾನ ಹೇಗಾದೀತು? ಈ ವಾದದಲ್ಲಿ ನಾನು ಮಮ್ಮಟನ ಕಡೆ. ಹೊಗೆಯಿಂದ ಬೆಂಕಿಯಷ್ಟು ಖಚಿತವಾಗಿ ತಿಳಿದದ್ದು ಓದುಗರ ಮನಸ್ಸಿನಲ್ಲಿ ಬೆಳೆಯುವುದಿಲ್ಲ.

ಆದ್ದರಿಂದ ಕಥೆಯ ಪಕ್ಕದ ಮನೆಗೆ ಮಹಡಿ ಏರಿಸಿದೆ. ಅವರ ಬಾಗಿಲ ಮುಂದೆ ಮರಳಿನ ರಾಶಿ, ಅದರ ಮೇಲೆ ಆಡುವ ಮಕ್ಕಳು. ಈಗ ಡಬ್ಬಿಯ ಮರಳು ಅಲ್ಲಿಂದಲೂ ಬಂದಿರಬಹುದು. ಹೆಂಡತಿಗೆ ನಂಬಲು ಒಂದು ದಾರಿ ಇದೆ. ಅವಳು ಆ ದಾರಿಯನ್ನು ಹಿಡಿಯಲಿಲ್ಲ ಎಂಬುದು ಅವಳ ಮುಂದಿನ ಕೆಲಸದಿಂದ ಮಾತ್ರ ತಿಳಿಯಬೇಕು.

ಇಂಥ ದೃಶ್ಯ ಸರಿಯಾಗಿದೆಯೇ ಎಂದು ನೋಡುವ ನನ್ನ ವಿಧಾನ ಸರಳ. ಗೆಳೆಯರಿಗೆ ಓದಲು ಕೊಟ್ಟು ‘ಅವನು ಸುಳ್ಳು ಹೇಳುತ್ತಿದ್ದಾನಾ’ ಎಂದು ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ‘ಅವನು ಮಧ್ಯಾಹ್ನ ಊಟ ಎಲ್ಲಿ ಮಾಡಿದ’ ಎಂದು ಕೇಳುತ್ತೇನೆ. ಕ್ಯಾಂಟೀನಿನಲ್ಲಿ ಎಂದರೆ ಗುರುತು ಸಾಲದು. ‘ಹೊಳೆ ದಂಡೆ, ಅವಳು ಮರಳು ನೋಡಿದಳಲ್ಲ’ ಎಂದು ಪುಟ ತೋರಿಸಿ ಹೇಳಿದರೆ ಗುರುತು ಹೆಚ್ಚಾಗಿದೆ. ಸ್ವಲ್ಪ ತಡೆದು ‘ಎಲ್ಲೋ ಹೊರಗೆ, ಒಬ್ಬನೇ’ ಎಂದರೆ ಸಾಕು. ಸುಳ್ಳುಗಾರನೇ ‘ನಾನು’ ಎಂದು ಕಥೆ ಹೇಳುತ್ತಿದ್ದರೆ ಈ ಪರೀಕ್ಷೆ ನಡೆಯದು. ಅಲ್ಲಿ ಮರಳನ್ನು ನೋಡುವ ಇನ್ನೊಬ್ಬರ ಕೈಯೇ ಇರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದವರಿಗೆ ಆ ಕಷ್ಟ ಎಂಥದ್ದೆಂದು ಗೊತ್ತು.

ಮಾರನೆಯ ಬೆಳಗ್ಗೆ ಅವಳು ಎಂದಿನಂತೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಾಳೆ. ಡಬ್ಬಿಗೆ ದಿನವೂ ಒಂದು ಸಣ್ಣ ಬಟ್ಟೆ ಸುತ್ತುತ್ತಿದ್ದವಳು ಇವತ್ತು ಹಾಸಿಕೊಂಡು ಕೂರುವಷ್ಟು ದೊಡ್ಡ ಟವೆಲ್ ಸುತ್ತುತ್ತಾಳೆ. ‘ಹಾಸಿಕೊಂಡು ಕೂರುವಷ್ಟು’ ಎಂಬುದನ್ನು ನಿಮಗೆ ಹೇಳುತ್ತಿದ್ದೇನೆ, ಕಥೆಯಲ್ಲಿ ‘ದೊಡ್ಡ ಟವೆಲ್’ ಎಂದಷ್ಟೇ ಇದೆ.

“ಇದ್ಯಾಕೆ ಇಷ್ಟು ದೊಡ್ಡದು?”

“ಡಬ್ಬಿ ಸೋರ್ತೈತ್ರೀ. ಎಣ್ಣೆ ಚೀಲಕ್ಕೆಲ್ಲ ಹತ್ತತೈತಿ. ಎಷ್ಟ್ ಸಲ ಹೇಳಿದ್ದೆ, ಬೇರೇದು ತರ್ರೀ ಅಂತ.”

ರೊಟ್ಟಿ ಚಟ್ನಿಯಲ್ಲಿ ಸೋರುವಂಥದ್ದು ಏನೂ ಇಲ್ಲ. ಅವಳೂ ಗೊಣಗುತ್ತಲೇ ಹೇಳಿದಳು, ಅವನಷ್ಟೇ ನಯವಾಗಿ. ಅವನಿಗೆ ಅರ್ಥವಾಯಿತೇ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ. ಒಂದು ಕರಡಿನಲ್ಲಿ ಅವನು ಟವೆಲ್ಲಿನ ಗಂಟನ್ನು ಸ್ವಲ್ಪ ಬಿಗಿ ಮಾಡಿ ಹೊರಡುತ್ತಾನೆ. ಇನ್ನೊಂದರಲ್ಲಿ ಬಾಗಿಲ ಹತ್ತಿರ ತಿರುಗಿ, “ಶನಿವಾರ ಹೊಸ ಡಬ್ಬಿ ತರ್ತೀನಿ ಬಿಡು,” ಅನ್ನುತ್ತಾನೆ.