ಹೆಬ್ಬೆಟ್ಟು ಒತ್ತಿದವಳು

ಭದ್ರಾವತಿಯ ಕಾರ್ಖಾನೆ ಕಾರ್ಮಿಕನೊಬ್ಬನ ವಿಧವೆಯ ಬಗ್ಗೆ ಏಕವ್ಯಕ್ತಿ ನಾಟಕ ಬರೆಯಲು ಶಿವಮೊಗ್ಗದ ನನ್ನ ಮನೆಯಲ್ಲಿ ಕೂತಾಗ, ನನಗೆ ಮೊದಲು ಹೊಳೆದ ಗುಟ್ಟುಗಳೆಲ್ಲ ಬೇರೆಯವರವು. ಗಂಡನಿಗೆ ಇನ್ನೊಂದು ಸಂಸಾರವಿತ್ತು, ಇಲ್ಲವೇ ಮೈದುನ ಆಸ್ತಿ ನುಂಗಿದ. ಅಂಥ ಗುಟ್ಟು ಹೊರಬಿದ್ದರೆ ಮುದುಕಿ ಬರೀ ಸಾಕ್ಷಿಯಾಗುತ್ತಾಳೆ, ನೋಡುವವರು ಮರುಗುತ್ತಾರೆ, ಅಷ್ಟೆ. ಅವಳನ್ನು ನಿರ್ದೋಷಿಯಾಗಿ ಉಳಿಸಲು ನಾನೇಕೆ ಇಷ್ಟು ಹಟ ಹಿಡಿದಿದ್ದೇನೆ ಎಂದು ಕೇಳಿಕೊಂಡೆ. ಗಂಡ ಸತ್ತವಳ ಮೇಲೆ ಕನಿಕರಪಡುವುದು ನನಗೆ ಸುಲಭ. ಅವಳೂ ಲೆಕ್ಕ ಹಾಕಿ ಒಂದು ನಿರ್ಧಾರ ಮಾಡಿರಬಹುದು ಎಂದು ಒಪ್ಪುವುದು ಕಷ್ಟ. ಆ ಲೆಕ್ಕ ನನ್ನೊಳಗೂ ಇದೆ.

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ದಲ್ಲಿ ಲೇಖಕಿ ಮಂಜುಳಾ ನಾಯಕ್ ಒಬ್ಬಳೇ ರಂಗದ ಮೇಲಿರುತ್ತಾಳೆ. ಅವಳನ್ನು ಪ್ರಶ್ನಿಸುವುದು ಟಿ.ವಿ. ಪರದೆಯ ಮೇಲಿನ ಅವಳದೇ ಬಿಂಬ. ಹೊರಬರುವ ಗುಟ್ಟೂ ಅವಳದೇ ಕೃತ್ಯ. ಒಬ್ಬರೇ ಆಡುವ ಮಾತಿಗೆ ಎದುರಾಳಿ ಬೇಕೆಂಬುದು ಅಲ್ಲಿ ನನಗೆ ಸ್ಪಷ್ಟವಾಯಿತು. ನನ್ನ ಮುದುಕಿಗೆ ನಾನು ಮೊಮ್ಮಗಳನ್ನು ಕೊಟ್ಟೆ. ಅವಳು ಕಾಣುವುದಿಲ್ಲ, ಮಾತಾಡುವುದೂ ಇಲ್ಲ. ಅವಳು ಕೇಳಿದ್ದನ್ನು ಅಜ್ಜಿಯ ಉತ್ತರದಿಂದಲೇ ತಿಳಿಯಬೇಕು.

ಕಥೆ ಇಷ್ಟು. ಗಂಡ ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಅನುಕಂಪದ ನೌಕರಿಗೆ ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತಿದ್ದ ದೊಡ್ಡ ಮಗಳಿದ್ದಳು. ಕೆಲಸ ಸಿಕ್ಕಿದ್ದು ಮಗನಿಗೆ. ಓದು ಬಾರದ ಅಮ್ಮನಿಂದ ಚಿಕ್ಕಪ್ಪ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಎಂದೇ ಮಗಳು ಇಂದಿಗೂ ನಂಬಿದ್ದಾಳೆ. ಮೊಮ್ಮಗಳು ಅವಳ ಮಗಳು.

ಪಿಂಚಣಿಯ ಕಾಗದಕ್ಕೆ ಮೊಮ್ಮಗಳು ಮಸಿ ಪ್ಯಾಡು ಮುಂದಿಡುತ್ತಾಳೆ. ಅಜ್ಜಿ ಅದನ್ನು ಸರಿಸಿ, ಪೆನ್ನು ತಗೊಂಡು ತನ್ನ ಹೆಸರನ್ನು ನಿಧಾನವಾಗಿ, ತಪ್ಪಿಲ್ಲದೆ ಬರೆಯುತ್ತಾಳೆ. ಗುಟ್ಟು ಅಲ್ಲೇ ಬಯಲಾಯಿತು, ಮಾತಿಗೂ ಮೊದಲು. ಆಮೇಲಿನ ಮಾತು ಚಿಕ್ಕದು:

“ಓದ್ದೆ ಕಣೇ. ಪೂರ್ತಿ ಓದಿಯೇ ಹೆಬ್ಬೆಟ್ಟು ಒತ್ತಿದ್ದು. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗೋಳು, ಸಂಬಳಾನೂ ಅಲ್ಲಿಗೇ ಹೋಗುತ್ತೆ ಅಂದ್ಕೊಂಡೆ. ನಿಮ್ಮ ಚಿಕ್ಕಜ್ಜ ಏನೂ ಮೋಸ ಮಾಡ್ಲಿಲ್ಲ. ಅವರ ಹೆಸರು ಕೆಡೋಕೆ ಬಿಟ್ಟವಳು ನಾನು.”

ಇದಕ್ಕೂ ಮುಂಚೆ ಅಜ್ಜಿ ಅಕ್ಷರ ಬಲ್ಲಳೆಂಬ ಸುಳಿವು ಎರಡು ಕಡೆ ಬೇಕು: ಬಸ್ಸಿನ ಬೋರ್ಡು ನೋಡಿ ತಟ್ಟನೆ ಏಳುವುದು, ಮಾತ್ರೆಯ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಮತ್ತೆ ಸರಿ ಮಾಡಿಕೊಳ್ಳುವುದು. ಸುಳಿವಿಲ್ಲದಿದ್ದರೆ ಸಹಿ ಬರೀ ಚಮತ್ಕಾರವಾಗುತ್ತದೆ. ಹೆಚ್ಚಾದರೆ ನೋಡುವವರು ಅವಳಿಗಿಂತ ಮುಂಚೆಯೇ ಅಲ್ಲಿಗೆ ತಲುಪಿಬಿಡುತ್ತಾರೆ.

ಸಹಿಯ ನಂತರ ಅವಳು ಕ್ಷಮೆ ಕೇಳುವ ಒಂದು ಪುಟ ಬರೆದಿದ್ದೆ. ತೆಗೆದುಹಾಕಿದೆ. ಕ್ಷಮಿಸಬೇಕಾದ ಮಗಳು ಆ ಕೋಣೆಯಲ್ಲಿ ಇಲ್ಲ. ಈ ಪಾತ್ರ ಮಾಡುವ ಹೆಣ್ಣುಮಗಳಿಗೆ ನನ್ನದೊಂದೇ ಕೋರಿಕೆ: ಅಮ್ಮಾ, “ಓದ್ದೆ ಕಣೇ” ಎನ್ನುವಾಗ ದಯವಿಟ್ಟು ಅಳಬೇಡಿ.