ಬಾಗಿಲಿಲ್ಲದ ಕೊಠಡಿಯ ಲೆಕ್ಕ

ಶಾಸಕರಿಗೆ ಅನುದಾನ ಕೇಳಿ ಬರೆಯುವ ಪತ್ರದಲ್ಲಿ 'ಹಣ ಕೊಡಿ' ಅಂತ ಬರೆದರೆ ಅದು ಯಾಕೆ ಮುಂದಕ್ಕೆ ಹೋಗಲ್ಲ ಅನ್ನೋದು ನನಗೆ ಈ ರಜೆಯಲ್ಲಿ ಅರ್ಥ ಆಯ್ತು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ನಾವು ಕರೆಯೋ ದುಡ್ಡು ಶಾಸಕರ ಕೈಯಲ್ಲೇ ಇರಲ್ಲ. ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ಅಂತ ನಿಗದಿ ಇದೆ. ಆದರೆ ಆ ಹಣ ಇರೋದು ಜಿಲ್ಲಾಧಿಕಾರಿಗಳ ಬಳಿ. ಶಾಸಕರು ಮಾಡೋದು ಶಿಫಾರಸು. 'ಇಂಥ ಊರಲ್ಲಿ ಇಂಥ ಕಾಮಗಾರಿಗೆ ಇಷ್ಟು ಮೊತ್ತ' ಅಂತ ಅವರು ಜಿಲ್ಲಾಧಿಕಾರಿಗಳಿಗೆ ಬರೀತಾರೆ. ಆಮೇಲೆ ಒಂದು ಸರ್ಕಾರಿ ಏಜೆನ್ಸಿಯ ಇಂಜಿನಿಯರ್ ಎಸ್ಟಿಮೇಟ್ ತಯಾರಿಸ್ತಾರೆ, ಅದಕ್ಕೆ ಆಡಳಿತಾತ್ಮಕ ಮಂಜೂರಾತಿ ಸಿಗಬೇಕು, ಆಮೇಲೇ ಕೆಲಸ. ಸ್ಕೂಲಿನವರ ಖಾತೆಗೆ ಒಂದು ರೂಪಾಯಿಯೂ ಬರಲ್ಲ.

ನಾನು ಸಿವಿಲ್ ಎರಡನೇ ವರ್ಷ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ 'ಕಾಮಗಾರಿ' ಅನ್ನೋ ಪದವನ್ನ ಬೋರ್ಡ್ ಮೇಲೆ ನೋಡಿದ್ದೆ ಅಷ್ಟೇ, ಬರೆದಿರಲಿಲ್ಲ. ನಮ್ಮೂರು ಹಾಸನ ಜಿಲ್ಲೆಯಲ್ಲಿದೆ. ಅಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಚಿಕ್ಕಪ್ಪನ ಮಗಳು ನಾಲ್ಕನೇ ಕ್ಲಾಸು. ಚಿಕ್ಕಪ್ಪ ಎಸ್‌ಡಿಎಂಸಿ ಅಧ್ಯಕ್ಷರು. ಶಾಲೆಗೆ ಇರೋದು ಎರಡು ಕೊಠಡಿ. ಅದರಲ್ಲಿ ಹೆಂಚಿನ ಕೊಠಡಿಯ ತೊಲೆಗಳು ಗೆದ್ದಲು ಹಿಡಿದು ಬಗ್ಗಿವೆ, ಮಳೆಗಾಲದಲ್ಲಿ ಅಲ್ಲಿ ಯಾರನ್ನೂ ಕೂರಿಸಲ್ಲ. ಐದೂ ತರಗತಿಯ ಮಕ್ಕಳು ಉಳಿದ ಒಂದೇ ಕೊಠಡಿಯಲ್ಲಿ ಕೂರ್ತಾರೆ. ನಮ್ಮ ತಂಗಿ ಗೋಡೆ ಕಡೆ ಮುಖ ಮಾಡ್ಕೊಂಡು ಲೆಕ್ಕ ಬರೀತಾಳಂತೆ, ಯಾಕಂದ್ರೆ ಬೋರ್ಡ್ ಆ ಹೊತ್ತಲ್ಲಿ ಒಂದನೇ ಕ್ಲಾಸಿನವರದು.

"ಹೋದ ಸಲವೂ ಪತ್ರ ಕೊಟ್ಟಿದ್ವಿ ಕಣೇ. ಆಗಲಿ ನೋಡೋಣ ಅಂದ್ರು. ಅಷ್ಟೇ. ನೀನು ಸಿವಿಲ್ ಓದ್ತಿದ್ದೀಯಲ್ಲ, ಈ ಸಲ ಎಸ್ಟಿಮೇಟ್ ಸಮೇತ ಬರೆದುಕೊಡು," ಅಂದ್ರು ಚಿಕ್ಕಪ್ಪ.

ಹಳೇ ಪತ್ರದ ಪ್ರತಿ ನೋಡಿದೆ. ಶಾಲೆಯ ಕಷ್ಟ ಚೆನ್ನಾಗಿ ಬರೆದಿದ್ರು. ಕೊನೆಗೆ 'ಸೂಕ್ತ ಅನುದಾನ ನೀಡಿ ಕಟ್ಟಡ ಕಟ್ಟಿಸಿಕೊಡಬೇಕಾಗಿ ವಿನಂತಿ' ಅಂತ ಇತ್ತು. ಎಷ್ಟು ಕೊಠಡಿ, ಎಷ್ಟು ಅಳತೆ, ಎಷ್ಟು ದುಡ್ಡು, ಜಾಗ ಯಾರದ್ದು ಅನ್ನೋದು ಯಾವುದೂ ಇರಲಿಲ್ಲ. ಶಾಸಕರು ಒಪ್ಪಿದರೂ ಜಿಲ್ಲಾಧಿಕಾರಿಗಳಿಗೆ ಏನಂತ ಬರೀಬೇಕು? ನಮ್ಮ ಪತ್ರದಿಂದ ಎತ್ತಿಕೊಂಡು ಹಾಗೇ ಶಿಫಾರಸಿನಲ್ಲಿ ಹಾಕಬಹುದಾದ ಒಂದು ವಾಕ್ಯ ಬೇಕು.

ಹಾಗಾಗಿ ಮೊದಲು ಅಳತೆ. ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ ಒಳ ಅಳತೆ 7 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಕೊಠಡಿ, ಮುಂದೆ 2 ಮೀಟರಿನ ವರಾಂಡ ಅಂತ ಇಟ್ಕೊಂಡ್ವಿ. ಊರಿನ ಮೇಸ್ತ್ರಿ ಒಬ್ಬರು ಟೇಪ್ ಹಿಡಿದ್ರು, ನಾನು ಬರೆದೆ. ಇಲ್ಲಿ ಒಂದು ವಿಷಯ ಹೇಳ್ತೀನಿ. ಮೋಲ್ಡಿನ ಕಾಂಕ್ರೀಟು ಎಷ್ಟು ಅಂತ ಕೇಳಿದರೆ ಕೊಠಡಿಯ ಒಳ ಅಳತೆ ಹಿಡಿದು 7 × 6 × 0.15, ಅಂದರೆ 6.3 ಘನ ಮೀಟರ್ ಅಂತ ಹೇಳಬೇಕು ಅನ್ಸುತ್ತೆ. ಆದರೆ ಮೋಲ್ಡ್ ಕೂರೋದು ಗೋಡೆಯ ಮೇಲೆ. ಎರಡೂ ಕಡೆ 0.23 ಮೀಟರ್ ದಪ್ಪದ ಗೋಡೆ ಸೇರಿಸಿ, ವರಾಂಡದ 2 ಮೀಟರೂ ಕೂಡಿಸಿದರೆ 7.46 × 8.46 × 0.15. ಅದು ಸುಮಾರು 9.47 ಘನ ಮೀಟರ್ ಆಗುತ್ತೆ. ಒಂದೂವರೆ ಪಟ್ಟು! 'ನಿಮ್ಮ ಪಟ್ಟಿಯಲ್ಲಿ ಜೆಇ ಮೊದಲು ನೋಡೋದೇ ಇದನ್ನ. ಮೋಲ್ಡ್ ಅಳತೆ ಸರಿ ಇದ್ರೆ ಉಳಿದದ್ದನ್ನ ನಂಬ್ತಾರೆ' ಅಂತ ಹಾಸ್ಟೆಲಿನ ಸೀನಿಯರ್ ಅಕ್ಕ ಫೋನಲ್ಲಿ ಹೇಳಿದ್ರು.

ಆಮೇಲೆ ದರ. ಸರ್ಕಾರಿ ಎಸ್ಟಿಮೇಟಿಗೆ ಇಲಾಖೆಯ ದರಪಟ್ಟಿ ಇರುತ್ತೆ, ಎಲ್ಲರೂ ಎಸ್‌ಆರ್ ಅಂತಾರೆ. ಅಂಗಡಿ ರೇಟು, ಮೇಸ್ತ್ರಿ ರೇಟು ಅಲ್ಲಿ ನಡೆಯಲ್ಲ. ನಮ್ಮದು ಹೇಗೂ ಪ್ರಾಥಮಿಕ ಅಂದಾಜು, ಅಧಿಕೃತ ಎಸ್ಟಿಮೇಟನ್ನ ಇಲಾಖೆಯ ಜೆಇ ಹೊಸದಾಗಿ ಮಾಡ್ತಾರೆ. ಅದನ್ನ ಪತ್ರದಲ್ಲೇ ಬರೆದುಬಿಟ್ವಿ. ಹಾಗಾಗಿ ಸಾವಿರಗಳ ಮಟ್ಟಕ್ಕೆ ಸರಿಮಾಡಿ ಈ ಪಟ್ಟಿ ಹಾಕಿದ್ವಿ: ಪಾಯ ಅಗೆದು ಸೈಜುಗಲ್ಲಿನ ಕಟ್ಟಡ ನೆಲಮಟ್ಟದವರೆಗೆ ಬರೋಕೆ 2,05,000. ಗೋಡೆಗೆ 1,55,000. ಲಿಂಟಲ್, ಸಜ್ಜಾ, ನಡುವಿನ ತೊಲೆ ಮತ್ತು ಮೋಲ್ಡ್, ಕಬ್ಬಿಣ ಸೇರಿ 2,30,000. ಗಾರೆ, ನೆಲಹಾಸು, ತಾರಸಿಯ ನೀರು ತಡೆಗೆ 1,90,000. ಬಾಗಿಲು ಕಿಟಕಿಗೆ 95,000. ಬಣ್ಣ, ವಿದ್ಯುತ್, ಗಾಲಿಕುರ್ಚಿ ಹತ್ತೋ ಇಳಿಜಾರಿಗೆ 1,25,000. ಒಟ್ಟು 10 ಲಕ್ಷ.

ಚಿಕ್ಕಪ್ಪನಿಗೆ ತುಂಬ ಖುಷಿ. "ಹತ್ತು ಲಕ್ಷ, ರೌಂಡ್ ಫಿಗರ್, ಚೆನ್ನಾಗಿದೆ. ಹಾಗೇ ಹಾಕು," ಅಂದ್ರು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ. ಈ ಕಾಮಗಾರಿಗೆ ಜಿಎಸ್‌ಟಿ 18%, ಅಂದರೆ 1,80,000. ಕಟ್ಟಡ ಕಾರ್ಮಿಕರ ಕಲ್ಯಾಣದ ಸೆಸ್ 1%, 10,000. ಅನಿರೀಕ್ಷಿತ ಖರ್ಚಿಗೆ ಅಂತ ನಾವು 3% ಇಟ್ವಿ, 30,000. ಒಟ್ಟು 2,20,000 ಮೇಲೆ ಬಂತು. ನಿಜವಾದ ಮೊತ್ತ 12,20,000.

ಇದನ್ನ ನಾನು ಚಿಕ್ಕಪ್ಪನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಾ ಇದ್ದಾಗ ನಮ್ಮೂರಿಗೂ ಪಕ್ಕದೂರಿಗೂ ನಡುವೆ ಇರೋ ಇನ್ನೊಂದು ಶಾಲೆಯ ಹೊಸ ಕೊಠಡಿ ನೆನಪಾಯ್ತು. ಮೋಲ್ಡ್ ಆಗಿದೆ, ಗೋಡೆ ಇದೆ. ಬಾಗಿಲು, ಕಿಟಕಿ ಇಲ್ಲ, ವೈರಿಂಗ್ ಇಲ್ಲ. ಒಳಗೆ ಯಾರೋ ಸೌದೆ ಒಟ್ಟಿದ್ದಾರೆ. ಯಾಕೆ ಹಾಗೆ ನಿಂತಿತು ಅನ್ನೋದಕ್ಕೆ ಊರಲ್ಲಿ ಹತ್ತು ಕಥೆ ಇವೆ, ನಿಜ ಯಾವುದೋ ನಾನು ಹೇಳೋಕೆ ಹೋಗಲ್ಲ. ಆದರೆ ನಮ್ಮ ಪಟ್ಟಿಯನ್ನೇ ಮುಂದಿಟ್ಟುಕೊಂಡು ನೋಡಿ. ಒಟ್ಟು ಹತ್ತೇ ಲಕ್ಷ ಬಂತು ಅಂತಿಟ್ಕೊಳ್ಳಿ. ತೆರಿಗೆಯನ್ನ ಬಿಡೋಕಾಗಲ್ಲ. ಅದನ್ನ ಕಳೆದರೆ ಕೆಲಸಕ್ಕೆ ಉಳಿಯೋದು ಸುಮಾರು 8,20,000. ಕಡಿಮೆ ಬೀಳೋ 1,80,000 ಎಲ್ಲಿಂದ ತೆಗೀತಾರೆ? ಪಾಯದಿಂದ ತೆಗೆಯೋಕಾಗಲ್ಲ, ಅದು ಮೊದಲೇ ಆಗಿಹೋಗಿರುತ್ತೆ. ಗೋಡೆ, ಮೋಲ್ಡ್ ಇಲ್ಲದೆ ಕಟ್ಟಡವೇ ಇಲ್ಲ. ಕೆಲಸದಲ್ಲಿ ಕೊನೆಗೆ ಬರೋದು ಬಾಗಿಲು ಕಿಟಕಿ, ಬಣ್ಣ, ವಿದ್ಯುತ್, ಇಳಿಜಾರು. 95,000 ಮತ್ತು 1,25,000 ಕೂಡಿಸಿ. 2,20,000. ಅದರ ಬಹುಪಾಲು ಹೋಗುತ್ತೆ.

ಕಾಗದದ ಮೇಲೆ ಬರೆದು ತೋರಿಸಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ತೆರಿಗೆ ಬಿಟ್ಟು ಕೇಳಿದ್ರೆ ಬಾಗಿಲಿಲ್ಲದ ಕೊಠಡಿ ಕೇಳಿದ ಹಾಗೆ," ಅಂದ್ರು. ನಾನು ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.

ಆದರೆ ಅವರದ್ದು ಇನ್ನೊಂದು ಪ್ರಶ್ನೆ ಇತ್ತು, ಅದಕ್ಕೆ ಉತ್ತರ ಸುಲಭ ಇರಲಿಲ್ಲ. 2 ಕೋಟಿ ದೊಡ್ಡದಾಗಿ ಕೇಳಿಸುತ್ತೆ. ಒಂದು ಕ್ಷೇತ್ರದಲ್ಲಿ 200 ಹಳ್ಳಿ ಇದ್ದರೆ ಒಂದಕ್ಕೆ ವರ್ಷಕ್ಕೆ ಒಂದು ಲಕ್ಷ. ನಾವು 12,20,000 ಕೇಳೋದು ಅಂದರೆ ಹನ್ನೆರಡು ಊರಿನ ಪಾಲು ಕೇಳಿದ ಹಾಗೆ. "ಐದು ಲಕ್ಷ ಅಂದ್ರೆ ಬೇಗ ಹೂಂ ಅಂತಾರೆ. ಉಳಿದದ್ದು ಮುಂದಿನ ವರ್ಷ ಕೇಳೋಣ," ಅಂದ್ರು ಚಿಕ್ಕಪ್ಪ. ನಮ್ಮ ಪಟ್ಟಿಯ ಪ್ರಕಾರ ತೆರಿಗೆ ಸೇರಿ ಐದು ಲಕ್ಷಕ್ಕೆ ಗೋಡೆ ಮುಗಿಯುತ್ತೆ, ಮೋಲ್ಡ್ ಹಾಕೋಕಾಗಲ್ಲ. ಮುಂದಿನ ವರ್ಷ ಬರದೇ ಹೋದರೆ ಮಳೆಯಲ್ಲಿ ನೆನೆಯೋ ನಾಲ್ಕು ಗೋಡೆ.

ಹಾಗಾಗಿ ಕೆಲಸವನ್ನ ಬೇರೆ ಥರ ಎರಡು ಭಾಗ ಮಾಡಿದ್ವಿ. ಪಾಯ ಒಂದು ವರ್ಷ, ಮೋಲ್ಡ್ ಇನ್ನೊಂದು ವರ್ಷ ಅಂತಲ್ಲ. ಮೊದಲ ಭಾಗ ಬರೀ ಕೊಠಡಿ, ಬಾಗಿಲು, ದೀಪ, ಬಣ್ಣ ಎಲ್ಲ ಸೇರಿ ಪೂರ್ತಿ. ಎರಡನೇ ಭಾಗ ತನ್ನದೇ ಕಂಬಗಳ ಮೇಲೆ ನಿಲ್ಲೋ ವರಾಂಡ. ವರಾಂಡದ ಪಾಲು 1,80,000 ಅಂತ ಬೇರೆ ತೆಗೆದಾಗ ಕೊಠಡಿಗೆ 8,20,000 ಉಳೀತು, ಮೇಲಿನ 22% ಸೇರಿ 10,00,400. ವರಾಂಡಕ್ಕೆ ಅದೇ ಲೆಕ್ಕದಲ್ಲಿ 2,19,600. ಎರಡನೇ ಭಾಗ ಬಾರದೇ ಹೋದರೂ ಮಳೆ ನೀರು ಒಳಗೆ ಬರಬಾರದು ಅಂತ ಬಾಗಿಲ ಮೇಲಿನ ಸಜ್ಜಾವನ್ನ ಮೊದಲ ಭಾಗದಲ್ಲೇ ಇಟ್ಟಿದ್ದೀವಿ.

ಪತ್ರ ಒಂದೇ ಪುಟ. ಅದರ ಮುಖ್ಯ ಭಾಗ ಹೀಗಿದೆ:

'ನಮ್ಮ ಗ್ರಾಮದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ 7 × 6 ಮೀಟರ್ ಅಳತೆಯ ಒಂದು ಕೊಠಡಿ ನಿರ್ಮಿಸುವ ಕಾಮಗಾರಿಗೆ ತಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ರೂ. 10,00,400 ಒದಗಿಸುವಂತೆ ಮಾನ್ಯ ಜಿಲ್ಲಾಧಿಕಾರಿಗಳಿಗೆ ಶಿಫಾರಸು ಮಾಡಬೇಕಾಗಿ ಕೋರುತ್ತೇವೆ. ಅನುಕೂಲವಾದಲ್ಲಿ ವರಾಂಡಕ್ಕೆ ರೂ. 2,19,600 ಸೇರಿಸಬಹುದು. ಈ ಮೊತ್ತಗಳಲ್ಲಿ ತೆರಿಗೆ ಸೇರಿದೆ. ನಿವೇಶನ ಶಾಲೆಯ ಹೆಸರಿನಲ್ಲಿದೆ.'

ಕೊನೆಯ ವಾಕ್ಯಕ್ಕೆ ಬೆಲೆ ಇದೆ. ಹಳೇ ಕಾಲದಲ್ಲಿ ಊರಿನ ಯಾರೋ ಬಾಯಿಮಾತಲ್ಲಿ ಕೊಟ್ಟ ಜಾಗದಲ್ಲಿ ಎಷ್ಟೋ ಶಾಲೆ ನಡೀತಿವೆ. ದಾಖಲೆ ಇಲ್ಲದಿದ್ದರೆ ದುಡ್ಡು ಮಂಜೂರಾದರೂ ಪಾಯ ತೆಗೆಯೋ ದಿನ ತಕರಾರು ಬರಬಹುದು. ನಮ್ಮ ಹೆಡ್ ಮೇಡಂ ಬೀರುವಿನಿಂದ ದಾನಪತ್ರದ ಪ್ರತಿ ಹುಡುಕಿ ತೆಗೆದ್ರು. ಅದರ ಜೊತೆ ಎಸ್‌ಡಿಎಂಸಿ ನಡಾವಳಿ, ಮಕ್ಕಳ ಹಾಜರಾತಿಯ ಸಂಖ್ಯೆ, ತೊಲೆಯ ಎರಡು ಫೋಟೊ, ನಮ್ಮ ಅಂದಾಜು ಪಟ್ಟಿ ಲಗತ್ತಿಸಿದ್ವಿ. ಹಳೇ ಕೊಠಡಿ ಕೆಡವೋ ವಿಷಯ ಇದರಲ್ಲಿ ಸೇರಿಸಲಿಲ್ಲ. ಕಟ್ಟಡ ಶಿಥಿಲವಾಗಿದೆ ಅಂತ ಇಂಜಿನಿಯರ್ ಮೊದಲು ಬರೆದುಕೊಡಬೇಕು. ಅದಕ್ಕೆ ಶಿಕ್ಷಣ ಇಲಾಖೆಗೆ ಬೇರೆ ಅರ್ಜಿ ಕೊಟ್ಟಿದ್ದೀವಿ. ಎರಡನ್ನೂ ಒಂದೇ ಪತ್ರದಲ್ಲಿ ಹಾಕಿದ್ರೆ ಒಂದು ನಿಂತಾಗ ಇನ್ನೊಂದೂ ನಿಲ್ಲುತ್ತೆ.

ಪತ್ರ ಕೊಡೋಕೆ ಚಿಕ್ಕಪ್ಪ, ಮೇಡಂ ಮತ್ತು ಸಮಿತಿಯ ಇಬ್ಬರು ಹೋಗಿದ್ರು, ನನಗೆ ಆಗಲೇ ಕಾಲೇಜು ಶುರುವಾಗಿತ್ತು. ಶಾಸಕರ ಆಪ್ತ ಸಹಾಯಕರು ಲಗತ್ತುಗಳನ್ನ ತಿರುವಿ ಹಾಕಿ ಪಟ್ಟಿಯ ಹತ್ತಿರ ನಿಂತು, "ಜಿಎಸ್‌ಟಿ ಸೇರಿದೆಯಾ?" ಅಂತ ಕೇಳಿದ್ರಂತೆ. ಸೇರಿದೆ ಸಾರ್ ಅಂದ್ರಂತೆ ಚಿಕ್ಕಪ್ಪ. ಸ್ವೀಕೃತಿಗೆ ಸೀಲು, ಸಹಿ, ದಿನಾಂಕ ಹಾಕಿಸ್ಕೊಂಡು ಬಂದಿದ್ದಾರೆ. ಕೊಠಡಿ ಬರುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಹೊಸ ದರಪಟ್ಟಿ ಬಂದರೆ ನಮ್ಮ ಅಂಕಿಗಳೂ ಬದಲಾಗಬೇಕು, ಹಾಗಾಗಿ ಎಕ್ಸೆಲ್ ಫೈಲು ನನ್ನ ಹತ್ತಿರ ಇಟ್ಕೊಂಡಿದ್ದೀನಿ. ಮೊನ್ನೆ ಫೋನಲ್ಲಿ ಚಿಕ್ಕಪ್ಪ ಇನ್ನೊಂದು ಸುದ್ದಿ ಹೇಳಿದ್ರು. ಆ ಸೌದೆ ತುಂಬಿದ ಕೊಠಡಿ ಇರೋ ಊರಿನವರು ನಮ್ಮ ಪಟ್ಟಿಯ ಜೆರಾಕ್ಸ್ ಕೇಳ್ಕೊಂಡು ಬಂದಿದ್ರಂತೆ. ಅವರಿಗೆ ಬೇಕಿರೋದು ಕೊನೆಯ ಎರಡು ಸಾಲು ಮಾತ್ರ.