ತವರಿನ ನೆನಪಾ?

ಸೊಸೆಯ ಸೀಮಂತಕ್ಕೆ ಇನ್ನು ಐದೇ ದಿನ ಉಳಿದಿತ್ತು. ಹಸಿರು ಬಳೆ ತಂದಾಗಿತ್ತು, ಹೂವಿನವಳಿಗೆ ಹೇಳಿಯಾಗಿತ್ತು. ಹಾಡೊಂದು ಮಾತ್ರ ಬಾಕಿ. ಈ ಸಲ ನಾನೇ ಒಂದು ಬರೆದು ಹಾಡಬೇಕು ಅಂತ ಆಸೆ. ಹುಡುಗಿಗೆ ತಾಯಿಯಿಲ್ಲ, ಹೋದ ವರ್ಷವಷ್ಟೇ ತೀರಿಕೊಂಡರು. ಬಸುರಿಯ ಬಯಕೆ ಕೇಳುವ ಜಾಗದಲ್ಲಿ ಅವರು ಇರಬೇಕಿತ್ತು. ಅವರ ಬದಲು ನಾವು ಕೇಳೋಣ ಅಂದುಕೊಂಡು ನಾಲ್ಕು ನುಡಿ ಬರೆದೆ. ಮೊದಲ ಸಾಲು "ತವರಿನ ನೆನಪಾ?" ಅದಕ್ಕೆ ಉತ್ತರ "ನಾವಿಲ್ಲಿರುವೆವು".

ಧಾಟಿಗೆ ಹುಡುಕಾಡಲಿಲ್ಲ. ನಮ್ಮಮ್ಮ ಹೇಳುತ್ತಿದ್ದ ಒಂದು ಆರತಿ ಹಾಡಿನ ಮಟ್ಟು ಇತ್ತು, ಮೋಹನ ರಾಗ, ಆದಿತಾಳ. 8 ಎಣಿಕೆಗೆ ಮಾತು ಸರಿಯಾಗಿ ಕೂತಿತು. ಓರಗಿತ್ತಿಯೂ ಪಕ್ಕದ ಮನೆಯವರೂ ಸೇರಿ ನಡುಮನೆಯಲ್ಲಿ ಅಭ್ಯಾಸಕ್ಕೆ ಕೂತೆವು. ಸೊಸೆ ಅಡಿಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಎರಡು ಸಲ ಹಾಡಿದೆವು. ಬಾಗಿಲಿಗೆ ಬಂದು ನಿಂತಳು, ಮುಖ ಸಣ್ಣದಾಗಿತ್ತು.

"ಅತ್ತೆ, ನಾನು ತವರಿನದು ಏನಾದ್ರೂ ಜಾಸ್ತಿ ಮಾತಾಡ್ತೀನಾ?" ಅಂದಳು.

ನನಗೆ ಎದೆ ಧಸಕ್ಕೆಂದಿತು. "ಅಯ್ಯೋ, ಪ್ರೀತಿಯಿಂದ ಕೇಳಿದ್ದಲ್ಲವೇನೆ!" ಅಂದೆ. "ಕೇಳಿದ ಹಾಗಿಲ್ಲ ಅತ್ತೆ, ಅಣಕಿಸಿದ ಹಾಗಿದೆ" ಅಂತ ಹೇಳಿ ಒಳಗೆ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ, ಹಾಗಿದ್ದರೆ ಅಣಕ ಎಲ್ಲಿಂದ ಬಂತು? ಬೆಳಿಗ್ಗೆ ಎದ್ದವಳೇ ಹಿಂದಿನ ಬೀದಿಯ ಸಂಗೀತದ ಟೀಚರ ಹತ್ತಿರ ಹೋದೆ. ಅವರು ಹಾಡು ಕೇಳಿ ನಕ್ಕರು. "ಹಾಡಬೇಡಿ. ಸೊಸೆ ಎದುರಿಗಿದ್ದಾಳೆ ಅಂದ್ಕೊಂಡು ಸುಮ್ಮನೆ ಕೇಳಿ" ಅಂದರು. ಕೇಳಿದೆ. "ಈಗ ಬಾಯಿ ಮುಚ್ಚಿಕೊಂಡು ಅದನ್ನೇ ಗುನುಗಿ" ಅಂದರು. ಗುನುಗಿದೆ. ಆಗಲೇ ಗೊತ್ತಾಗಿದ್ದು: ನನ್ನ ದನಿ ಕೊನೆಯಲ್ಲಿ ಮೇಲಕ್ಕೆ ಹೋಗಿತ್ತು.

ಮೋಹನದ ಸ ರಿ ಗ ಪ ದ ಐದನ್ನೂ ಐದು ಮೆಟ್ಟಿಲು ಅಂತ ಇಟ್ಟುಕೊಳ್ಳಿ. ಆರತಿ ಮಟ್ಟಿನಲ್ಲಿ ನನ್ನ ಸಾಲು ಹೀಗೆ ಬರುತ್ತಿತ್ತು: ದ ದ ಪ ಗ, ರಿ ರಿ ಸಾ. ಅಂದರೆ "ತವ" ಮೇಲಿನ ಮೆಟ್ಟಿಲಲ್ಲಿ ಹೊರಟು, "ನೆನಪಾ" ಕೆಳಗಿನ ಮೆಟ್ಟಿಲಿಗೆ ಇಳಿದು ಕೂತುಬಿಡುತ್ತಿತ್ತು. ಆರತಿ ಹಾಡಿನ ಸಾಲು ಹರಕೆ, ಹೊಗಳಿಕೆ. ಹೇಳಿ ಮುಗಿಸುವ ಮಾತು. ಅದು ಇಳಿಯುವುದೇ ಚೆಂದ. "ಊಟ ಆಯ್ತಾ?", "ನೀರು ಬಂತಾ?" ಅಂತ ಕೊನೆಗೆ "ಆ" ಹಚ್ಚಿ ಕೇಳುವಾಗ ಮಾತ್ರ ನಮ್ಮ ದನಿ ಆ "ಆ" ಮೇಲೆ ಏರುತ್ತದೆ. ಏರದೆ ಇಳಿಸಿದರೆ ಏನಾಗುತ್ತದೆ? ತಡವಾಗಿ ಬಂದ ಮಗನಿಗೆ ಬಾಗಿಲಲ್ಲಿ ನಿಂತು "ಈಗ ಬಂದ್ಯಾ" ಅನ್ನುತ್ತೇವಲ್ಲ, ಅದಾಗುತ್ತದೆ! ಪ್ರಶ್ನೆಯೇ ಅಲ್ಲ, ಮೂದಲಿಕೆ. ನಾನು ಐದು ಜನರನ್ನು ಕೂಡಿಸಿ ತಾಳ ಹಾಕಿ ಮೂದಲಿಸಿದ್ದೆ.

ಟೀಚರು ಮಟ್ಟನ್ನು ತಿರುಗಿಸಿದರು: ಗ ಗ ರಿ ರಿ, ಗ ಪ ದಾ. "ತವರಿನ" ತಗ್ಗಿನಲ್ಲೇ ಇರುತ್ತದೆ, "ನೆನಪಾ" ಹತ್ತಿಕೊಂಡು ಹೋಗಿ "ಪಾ" ಮೇಲೆ ನಿಲ್ಲುತ್ತದೆ. "ಆ ಪಾಗೆ 2 ಎಣಿಕೆ ಪೂರ್ತಿ ಕೊಡಿ. ಒಂದರಲ್ಲಿ ಮುಗಿಸಿದರೆ ಏರಿದ್ದು ಕಿವಿಗೆ ಬೀಳಲ್ಲ" ಅಂದರು. ಉತ್ತರದ ಸಾಲು "ನಾವಿಲ್ಲಿರುವೆವು" ಮಾತ್ರ ದಾ ಪಾ, ಗ ರಿ ರಿ ಸ ಅಂತ ಇಳಿದು ನೆಲ ಮುಟ್ಟಿತು. ಕೇಳಿದ್ದು ಮೇಲೆ ತೂಗಾಡುತ್ತದೆ, ಉತ್ತರ ಬಂದು ಕೂಡಿಸುತ್ತದೆ.

ಗುಟ್ಟು ಸಿಕ್ಕಿತು ಅಂತ ಮನೆಗೆ ಬಂದು ಪ್ರಶ್ನೆಯ ಸಾಲನ್ನೆಲ್ಲ ಮೇಲಕ್ಕೆ ಹತ್ತಿಸಿದೆ. "ಮಾವಿನ ಮಿಡಿಯಾ?" ಚೆನ್ನಾಗಿ ಬಂತು. "ಯಾವುದು ಬಯಕೆ?" ಮಾತ್ರ ಕೆಟ್ಟಿತು. ಅದೇ ಏರಿಕೆಯಲ್ಲಿ ಹಾಡಿದರೆ, ಕಿವಿ ಮಂದವಾದ ನಮ್ಮ ಅಜ್ಜಿ "ಏನಂದೆ? ಬಯಕೆಯಾ?" ಅಂತ ಮತ್ತೆ ಕೇಳಿದ ಹಾಗಿತ್ತು. ಪುನಃ ಗುನುಗಿ ನೋಡಿಕೊಂಡೆ. ಯಾರು, ಏನು, ಎಲ್ಲಿ, ಯಾವುದು ಅಂತ ಕೇಳುವಾಗ ದನಿಯ ಎತ್ತರವೆಲ್ಲ ಆ ಮಾತಿನ ಮೇಲೆಯೇ ಬೀಳುತ್ತದೆ, ಆಮೇಲೆ ಇಳಿಯುತ್ತದೆ. "ಎಲ್ಲಿಗೆ ಹೊರಟ್ರಿ?" ಅಂತ ಅಂದು ನೋಡಿ. ಆದ್ದರಿಂದ "ಯಾ"ಗೆ ಪಾ ಕೊಟ್ಟು, ಪಾ ಗ ರಿ, ಗ ರಿ ಸಾ ಅಂತ ಇಳಿಸಿದೆ. ಇಳಿದರೂ ಮೂದಲಿಕೆ ಆಗಲಿಲ್ಲ. ಕೇಳುವ ಕೆಲಸವನ್ನು "ಯಾವುದು" ಮೊದಲೇ ಮಾಡಿ ಮುಗಿಸಿರುತ್ತದಲ್ಲ!

ಇನ್ನೊಂದು ಕಡೆ "ಅಬ್ಬಾ, ಹುಳಿಯೇ!" ಅಂತಿತ್ತು. ಹಳೇ ಮಟ್ಟಿನಲ್ಲಿ "ಅಬ್ಬಾ" ಸಾ ರೀ ಅಂತ ತಳದಲ್ಲಿತ್ತು. ಓರಗಿತ್ತಿ ಹಾಡಿದಾಗ ಸೊಂಟ ಹಿಡಿದುಕೊಂಡು ಮಣೆ ಮೇಲೆ ಕೂತವರ "ಅಬ್ಬಾ" ಹಾಗೆ ಕೇಳಿ ಎಲ್ಲರೂ ಬಿದ್ದುಬಿದ್ದು ನಕ್ಕೆವು. ಹುಳಿ ನಾಲಿಗೆಗೆ ತಾಗಿದಾಗ ಬರುವ "ಅಬ್ಬಾ"ನೇ ಬೇರೆ. "ಅ" ನಡುವಿನಲ್ಲಿ ಹುಟ್ಟಿ, "ಬ್ಬಾ" ತಟ್ಟನೆ ಮೇಲಕ್ಕೆ ಹಾರಿ, ಮುಂದಿನ ಮಾತು ಜಾರಿ ಇಳಿಯುತ್ತದೆ. "ಅ"ಗೆ ಪಾ, "ಬ್ಬಾ"ಗೆ ಮೇಲಿನ ಸಾ, "ಹುಳಿಯೇ"ಗೆ ದ ಪ ಗಾ ಇಟ್ಟೆವು. ಬಾಯಲ್ಲಿ ನೀರೂರಿತು.

ಕೊನೆಗೊಂದು ತೊಡಕು. ನುಡಿ ನಾಲ್ಕಾದರೂ ಧಾಟಿ ಒಂದೇ ತಾನೆ? ಮೂರನೆಯ ನುಡಿ "ಮಲ್ಲಿಗೆ ಮುಡಿಸಿ" ಅಂತ ಶುರುವಾಗುತ್ತಿತ್ತು. ಅದು ಪ್ರಶ್ನೆಯಲ್ಲ. ಏರುವ ಮಟ್ಟಿಗೆ ಹಾಕಿದರೆ ಹೇಳುವವರು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋದ ಹಾಗೆ ಕೇಳುತ್ತಿತ್ತು. ಧಾಟಿ ಬದಲಿಸುವ ಬದಲು ಮಾತನ್ನೇ ಬದಲಿಸಿ "ಮಲ್ಲಿಗೆ ಬೇಕಾ?" ಅಂತ ಮಾಡಿದೆ. ಒಂದು ನುಡಿಯಲ್ಲಿ ಎಲ್ಲಿ ಪ್ರಶ್ನೆ ಇದೆಯೋ, ಉಳಿದ ನುಡಿಗಳಲ್ಲೂ ಅಲ್ಲೇ ಅದೇ ಬಗೆಯ ಪ್ರಶ್ನೆ ಬರಬೇಕು.

ಹಾಗಂತ ಪ್ರತಿ ಅಕ್ಷರವೂ ಮಾತಿನ ಹಾಗೇ ಏರಿಳಿಯಬೇಕಿಲ್ಲ. ಹಾಗೆ ಮಾಡಿದರೆ ರಾಗವೇ ಉಳಿಯುವುದಿಲ್ಲ ಅಂತ ಟೀಚರು ಎಚ್ಚರಿಸಿದರು. ಸಾಲಿನಲ್ಲಿ ಎತ್ತರ ಎಲ್ಲಿ ಬೀಳುತ್ತದೆ, ಕೊನೆ ಏರುತ್ತದೋ ಇಳಿಯುತ್ತದೋ, ಈ ಎರಡು ಕೂಡಿದರೆ ಸಾಕು. ಸರಿಯಾಯಿತೇ ಅಂತ ತಿಳಿಯಲು ಅವರು ಹೇಳಿಕೊಟ್ಟ ಉಪಾಯ ಇದು: ಮಾತು ಬಿಟ್ಟು ಬರೀ "ಲ ಲ" ಅಂತ ಹಾಡಿ. ಹಾಡು ಗೊತ್ತಿಲ್ಲದವರಿಗೂ ಕೇಳುತ್ತಿದ್ದೀರೋ ಹೇಳುತ್ತಿದ್ದೀರೋ ಅಂತ ತಿಳಿಯಬೇಕು. ನಾನು ಹಾಲಿನವಳ ಮುಂದೆ ಹಾಡಿದೆ. "ಏನೋ ಕೇಳ್ತಾ ಇದೀರ ಅಮ್ಮಾ" ಅಂದಳು. ಗೆದ್ದೆ ಅನ್ನಿಸಿತು.

ಮಾತನ್ನು ಹೀಗೆ ಕಿವಿಗೊಟ್ಟು ಕೇಳುವ ಹುಚ್ಚು ನನಗೊಬ್ಬಳಿಗೇ ಅಲ್ಲವಂತೆ. ಬ್ರನೋ ಎಂಬ ಊರಿನಲ್ಲಿದ್ದ, ಚೆಕ್ ದೇಶದ ಸಂಗೀತಗಾರ ಲಿಯೋಶ್ ಯಾನಾಚೆಕ್ (1854–1928), ಜನ ಆಡುವ ಮಾತಿನ ಏರಿಳಿತವನ್ನು ಸ್ವರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದನೆಂದು ಟೀಚರು ಹೇಳಿದರು.

ಸೀಮಂತದ ದಿನ ಹಾಡಿದೆವು. "ತವರಿನ ನೆನಪಾ?" ಅಂತ ದನಿ ಮೇಲೆ ನಿಂತಾಗ ಸೊಸೆ ತಲೆಯೆತ್ತಿ ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು. ಹೌದು ಅನ್ನುವ ಹಾಗೆ ತಲೆಯಾಡಿಸಿದಳು. ಅಣಕಿಸಿದವರಿಗೆ ಯಾರೂ ಹಾಗೆ ಉತ್ತರ ಕೊಡುವುದಿಲ್ಲ.